ಎಂಟು ಚಿತ್ರ, ಎರಡು ಹೆಜ್ಜೆ, ಒಂದು ಸೆಕೆಂಡು

ನಡೆಯುವ ಮನುಷ್ಯನನ್ನು ಕಂಪ್ಯೂಟರಿನಲ್ಲಿ ಬರೆಯಿರಿ ಎಂದು ಪ್ರೌಢಶಾಲೆಯ ಮಕ್ಕಳಿಗೆ ಹೇಳಿದರೆ ಬಹುಪಾಲು ಮಂದಿ ಮುಖದಿಂದ ಶುರು ಮಾಡುತ್ತಾರೆ. ಕಣ್ಣು, ಮೂಗು, ಕ್ರಾಪು, ಅಂಗಿಯ ಗುಂಡಿ ಎಲ್ಲ ಮುಗಿಯುವ ಹೊತ್ತಿಗೆ ಪೀರಿಯಡ್ಡಿನ ಅರ್ಧ ಕಳೆದಿರುತ್ತದೆ. ಆಮೇಲೆ ಅವಸರದಲ್ಲಿ ಎರಡು ಕಾಲು ಎಳೆದು, ಮುಂದಿನ ಚಿತ್ರದಲ್ಲಿ ಅವನ್ನು ಚೂರು ಆಚೀಚೆ ಮಾಡಿ ಪ್ಲೇ ಒತ್ತಿದರೆ ಗೊಂಬೆ ನಡೆಯುವುದಿಲ್ಲ, ನಿಂತಲ್ಲೇ ಕಾಲು ಆಡಿಸುತ್ತದೆ. ಇದು ಚಿತ್ರ ಬರೆಯಲು ಬಾರದ್ದರಿಂದ ಆದ ತಪ್ಪಲ್ಲ. ದಿನವೂ ನಡೆಯುತ್ತಿದ್ದರೂ ಮೈಭಾರ ಯಾವ ಗಳಿಗೆಯಲ್ಲಿ ಯಾವ ಕಾಲಿನ ಮೇಲಿರುತ್ತದೆ ಎಂಬುದನ್ನು ಆ ಮಕ್ಕಳು ಒಮ್ಮೆಯೂ ನೋಡಿಕೊಂಡಿರುವುದಿಲ್ಲ. ಆದ್ದರಿಂದ ಈ ಪಾಠ ಶುರುವಾಗಬೇಕಾದದ್ದು ಮೌಸಿನಿಂದಲ್ಲ, ಮಕ್ಕಳ ಸ್ವಂತ ಕಾಲಿನಿಂದ.

ಆನಿಮೇಶನ್ ಕಲಿಯುವವರು ಮೊದಲು ಎದುರಿಸುವ ದೊಡ್ಡ ಅಭ್ಯಾಸವೆಂದರೆ ‘ವಾಕ್ ಸೈಕಲ್’. ಎರಡು ಹೆಜ್ಜೆಗಳ ನಡಿಗೆಯನ್ನು ಕೆಲವೇ ಚಿತ್ರಗಳಲ್ಲಿ ಬರೆದು, ಕೊನೆಯದು ಮುಗಿದೊಡನೆ ಮೊದಲನೆಯದು ಬರುವಂತೆ ಜೋಡಿಸುತ್ತಾರೆ. ಅದನ್ನು ಮತ್ತೆ ಮತ್ತೆ ಓಡಿಸಿದರೆ ಗೊಂಬೆ ಎಷ್ಟು ಹೊತ್ತು ಬೇಕಾದರೂ ನಡೆಯುತ್ತದೆ. ಇಲ್ಲಿ ವಿವರಿಸುವ ಯೋಜನೆ 8 ಅಥವಾ 9ನೇ ತರಗತಿಗೆ ಹೊಂದುತ್ತದೆ. ನಲವತ್ತು ಮಕ್ಕಳು, ಇಪ್ಪತ್ತು ಕಂಪ್ಯೂಟರ್, ಚಿತ್ರ ಬರೆಯಲು ಮೌಸ್ ಮಾತ್ರ, 40 ನಿಮಿಷದ ನಾಲ್ಕು ಪೀರಿಯಡ್ ಎಂದಿಟ್ಟುಕೊಳ್ಳೋಣ. ತಂತ್ರಾಂಶ ಪೆನ್ಸಿಲ್2ಡಿ. ಇದು ಉಚಿತ, ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ನಡೆಯುತ್ತದೆ. ಪರದೆಯ ಮೇಲೆ ಬಟನ್ನುಗಳೂ ಕಡಿಮೆ, ಹಾಗಾಗಿ ಹೊಸಬರು ದಾರಿ ತಪ್ಪುವುದಿಲ್ಲ.

ಮೊದಲ ಪೀರಿಯಡ್: ಕರಿಹಲಗೆಯ ಮೇಲೆ ಅಲೆ

ಮೊದಲ ದಿನ ಲ್ಯಾಬಿಗೆ ಹೋಗುವುದೇ ಬೇಡ. ಉದ್ದನೆಯ ಕರಿಹಲಗೆ ಇರುವ ಕೋಣೆ ಸಾಕು. ಒಬ್ಬ ಹುಡುಗ ಹಲಗೆಗೆ ಪಕ್ಕವಾಗಿ ನಿಂತು, ಮೊಣಕೈಯನ್ನು ಸೊಂಟಕ್ಕೆ ಒತ್ತಿ ಹಿಡಿದು, ಸೀಮೆಸುಣ್ಣದ ತುದಿಯನ್ನು ಹಲಗೆಗೆ ತಾಗಿಸಿಕೊಂಡು ಈ ತುದಿಯಿಂದ ಆ ತುದಿಗೆ ನಡೆಯಬೇಕು. ಕೈ ಅಲ್ಲಾಡಬಾರದು, ನಡಿಗೆ ಮಾಮೂಲಿನಂತಿರಬೇಕು. ನೇರ ಗೆರೆ ಬರುತ್ತದೆಂದು ಮಕ್ಕಳು ಕಾದಿದ್ದರೆ ಬರುವುದು ಅಲೆಯಂಥ ಗೆರೆ, ಒಂದೊಂದು ಹೆಜ್ಜೆಗೆ ಒಂದೊಂದು ಉಬ್ಬು.

ಈಗ ಕೇಳಬೇಕಾದ ಪ್ರಶ್ನೆ ಒಂದೇ: ಗೆರೆ ಕೆಳಗಿಳಿದಾಗ ಕಾಲುಗಳು ಹೇಗಿದ್ದವು, ಮೇಲೇರಿದಾಗ ಹೇಗಿದ್ದವು? ಹುಡುಗ ಇನ್ನೊಮ್ಮೆ ನಿಧಾನವಾಗಿ ನಡೆಯುತ್ತಾನೆ, ತರಗತಿ ‘ನಿಲ್ಲು’ ಎಂದಾಗ ಹಾಗೇ ನಿಲ್ಲುತ್ತಾನೆ. ಎರಡು ಕಾಲೂ ಅಗಲವಾಗಿ ಚಾಚಿ ನೆಲಕ್ಕೆ ತಾಗಿರುವಾಗ ಸೊಂಟ ತಗ್ಗಿರುತ್ತದೆ. ಒಂದು ಕಾಲಿನ ಮೇಲೆ ನೆಟ್ಟಗೆ ನಿಂತು ಇನ್ನೊಂದು ಕಾಲು ಅದನ್ನು ದಾಟುವಾಗ ಸೊಂಟ ಎತ್ತರದಲ್ಲಿರುತ್ತದೆ. ಕಾರಣ ಸರಳ: ಕಾಲಿನ ಉದ್ದ ಬದಲಾಗುವುದಿಲ್ಲ, ಅದನ್ನು ಓರೆ ಮಾಡಿದಷ್ಟೂ ಮೇಲಿನ ತುದಿ ಕೆಳಗಿಳಿಯಲೇಬೇಕು.

ಈ ನಿಲುಗಡೆಗಳಿಂದಲೇ ನಾಲ್ಕು ಭಂಗಿಗಳನ್ನು ಹೆಕ್ಕಿ ಹೆಸರಿಡಬಹುದು. ಮುಂದಿನ ಪಾದದ ಹಿಮ್ಮಡಿ ಆಗಷ್ಟೇ ನೆಲ ಮುಟ್ಟಿದರೆ ‘ತಾಗು’. ಆ ಕಾಲು ಮೈಭಾರ ಹೊತ್ತು ಮಂಡಿ ಬಗ್ಗಿಸಿದರೆ ‘ತಗ್ಗು’. ಹಿಂದಿದ್ದ ಕಾಲು ನಿಂತ ಕಾಲಿನ ಪಕ್ಕಕ್ಕೆ ಬಂದರೆ ‘ದಾಟು’. ನಿಂತ ಕಾಲು ಹಿಮ್ಮಡಿ ಎತ್ತಿ ಮೈಯನ್ನು ಮುಂದಕ್ಕೆ ತಳ್ಳಿದರೆ ‘ಏರು’. ಅದಾದ ಮೇಲೆ ಇನ್ನೊಂದು ಕಾಲಿನ ‘ತಾಗು’ ಬರುತ್ತದೆ.

ಇಲ್ಲಿ ಮೇಷ್ಟ್ರು ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ನಿಜವಾದ ನಡಿಗೆಯಲ್ಲಿ ಸೊಂಟ ಅತಿ ಎತ್ತರಕ್ಕೆ ಬರುವುದು ಸುಮಾರಾಗಿ ‘ದಾಟು’ವಿನ ಹೊತ್ತಿಗೇ. ಆನಿಮೇಟರುಗಳು ಆ ಏರಿಕೆಯನ್ನು ಸ್ವಲ್ಪ ತಡವಾಗಿ ತೋರಿಸುತ್ತಾರೆ, ಇಳಿಕೆಯನ್ನೂ ಹೆಜ್ಜೆ ಊರಿದ ಮರುಗಳಿಗೆಗೆ ಸರಿಸಿ ಚೂರು ಹೆಚ್ಚು ಮಾಡುತ್ತಾರೆ. ಹಾಗೆ ಮಾಡಿದರೆ ಬರಿಯ ಗೆರೆಗಳ ಗೊಂಬೆಗೂ ತೂಕವಿರುವಂತೆ ಕಣ್ಣಿಗೆ ಕಾಣುತ್ತದೆ. ‘ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್’ ಚಿತ್ರದ ಆನಿಮೇಶನ್ ನಿರ್ದೇಶಕ ರಿಚರ್ಡ್ ವಿಲಿಯಮ್ಸ್ 2001ರಲ್ಲಿ ಪ್ರಕಟಿಸಿದ ‘ದಿ ಆನಿಮೇಟರ್ಸ್ ಸರ್ವೈವಲ್ ಕಿಟ್’ ನಡಿಗೆಯನ್ನು ಕಲಿಸುವುದು ಈ ನಾಲ್ಕು ಭಂಗಿಗಳಿಂದಲೇ. ಸಾಧ್ಯವಾದರೆ ಎಡ್ವರ್ಡ್ ಮೈಬ್ರಿಜ್ 1887ರಲ್ಲಿ ಹೊರತಂದ ‘ಅನಿಮಲ್ ಲೋಕೊಮೋಷನ್’ ಸಂಗ್ರಹದಿಂದ ನಡೆಯುವ ಮನುಷ್ಯನ ಒಂದು ಹಾಳೆಯನ್ನು ಮುದ್ರಿಸಿ ಗೋಡೆಗೆ ಅಂಟಿಸಬಹುದು. ಅದರ ಸಾಲು ಫೋಟೋಗಳಲ್ಲಿ ನಾಲ್ಕು ಭಂಗಿಗಳನ್ನು ಹುಡುಕಿ ಗುರುತು ಹಾಕುವುದು ಪೀರಿಯಡ್ಡಿನ ಕೊನೆಯ ಹತ್ತು ನಿಮಿಷಕ್ಕೆ ಒಳ್ಳೆಯ ಕೆಲಸ.

ಎರಡನೇ ಪೀರಿಯಡ್: ಗ್ರಾಫ್ ಹಾಳೆ ಮತ್ತು ಪೊರಕೆ ಕಡ್ಡಿ

ಎರಡನೇ ದಿನವೂ ಕಂಪ್ಯೂಟರ್ ಬೇಡ. ಪ್ರತಿ ಜೋಡಿಗೆ ಒಂದು ಗ್ರಾಫ್ ಹಾಳೆ ಮತ್ತು ತೆಂಗಿನ ಪೊರಕೆಯ ಎರಡು ಕಡ್ಡಿ ಕೊಡಬೇಕು. ಹಾಳೆಯಲ್ಲಿ ಅರ್ಧ ಸೆಂಟಿಮೀಟರನ್ನು ಒಂದು ‘ಮನೆ’ ಎಂದು ಲೆಕ್ಕ ಹಿಡಿಯೋಣ. ಗೊಂಬೆಯ ಒಟ್ಟು ಎತ್ತರ 26 ಮನೆ: ಕಾಲು 13, ಮುಂಡ 8, ಕುತ್ತಿಗೆ ಮತ್ತು ತಲೆ ಸೇರಿ 5. ಒಂದು ಹೆಜ್ಜೆಯ ಅಗಲ 10 ಮನೆ. ಪೊರಕೆ ಕಡ್ಡಿಯನ್ನು 13 ಮನೆ ಉದ್ದಕ್ಕೆ, ಅಂದರೆ ಆರೂವರೆ ಸೆಂಟಿಮೀಟರಿಗೆ ಕತ್ತರಿಸಿ, ನಡುವೆ ಮುರಿದು ಬೀಳದಂತೆ ಮೆಲ್ಲಗೆ ಬಗ್ಗಿಸಬೇಕು. ಬಗ್ಗಿದ ಜಾಗವೇ ಮಂಡಿ.

13 ಮತ್ತು 10 ಎಂಬ ಅಂಕೆಗಳನ್ನು ಆರಿಸಿದ್ದಕ್ಕೆ ಕಾರಣವಿದೆ. ‘ತಾಗು’ ಭಂಗಿಯಲ್ಲಿ ಒಂದು ಪಾದ ಸೊಂಟಕ್ಕಿಂತ 5 ಮನೆ ಮುಂದೆ, ಇನ್ನೊಂದು 5 ಮನೆ ಹಿಂದೆ ಇರುತ್ತದೆ. ಕಾಲಿನ ಉದ್ದ 13. ಪೈಥಾಗೊರಸ್ ಪ್ರಮೇಯ ಬಲ್ಲ ಯಾರಾದರೂ ಸೊಂಟದ ಎತ್ತರ 12 ಎಂದು ಬಾಯಲ್ಲೇ ಹೇಳುತ್ತಾರೆ, ಏಕೆಂದರೆ 5, 12, 13 ಲಂಬಕೋನ ತ್ರಿಕೋನದ ಬಾಹುಗಳು. ನೆಟ್ಟಗೆ ನಿಂತರೆ 13, ಕಾಲು ಚಾಚಿದರೆ 12. ಕರಿಹಲಗೆಯ ಮೇಲೆ ಬಂದ ಅಲೆಯ ತಗ್ಗು ಎಲ್ಲಿಂದ ಬಂತೆಂದು ಈಗ ಲೆಕ್ಕದಲ್ಲೂ ಗೊತ್ತಾಯಿತು.

ನಮ್ಮ ಗೊಂಬೆ ಪರದೆಯಲ್ಲಿ ಮುಂದಕ್ಕೆ ಹೋಗುವುದಿಲ್ಲ, ಇದ್ದಲ್ಲೇ ನಡೆಯುತ್ತದೆ. ಆದ್ದರಿಂದ ನೆಲಕ್ಕೆ ಊರಿದ ಪಾದವೇ ಹಿಂದಕ್ಕೆ ಸರಿಯಬೇಕು. ಒಂದು ಹೆಜ್ಜೆ 10 ಮನೆ, ಅದಕ್ಕೆ ನಾಲ್ಕು ಚಿತ್ರ, ಹಾಗಾಗಿ ಪ್ರತಿ ಚಿತ್ರಕ್ಕೆ ಎರಡೂವರೆ ಮನೆ. ಇಡೀ ಪಾಠದಲ್ಲಿ ಮಕ್ಕಳು ನೆನಪಿಡಬೇಕಾದ ಅಂಕೆ ಇದು. ನಾಲ್ಕು ಭಂಗಿಗಳ ಪಟ್ಟಿ ಹೀಗಾಗುತ್ತದೆ:

| ಚಿತ್ರ | ಭಂಗಿ | ಊರಿದ ಪಾದ (ಸೊಂಟದಿಂದ) | ಸೊಂಟದ ಎತ್ತರ |
|---|---|---|---|
| 1 | ತಾಗು | 5 ಮನೆ ಮುಂದೆ | 12 |
| 2 | ತಗ್ಗು | 2.5 ಮನೆ ಮುಂದೆ | 11.5 |
| 3 | ದಾಟು | ನೇರ ಕೆಳಗೆ | 12.5 |
| 4 | ಏರು | 2.5 ಮನೆ ಹಿಂದೆ | 13 |

ಇನ್ನು ಉಳಿದದ್ದನ್ನು ಕಡ್ಡಿಯೇ ಹೇಳಿಕೊಡುತ್ತದೆ. ‘ತಗ್ಗು’ವಿನಲ್ಲಿ ಕಡ್ಡಿಯ ಒಂದು ತುದಿಯನ್ನು ಸೊಂಟದ ಗುರುತಿನಲ್ಲಿ, ಇನ್ನೊಂದನ್ನು ಪಾದದ ಗುರುತಿನಲ್ಲಿ ಇಟ್ಟರೆ ನಡುವಿನ ದೂರ ಕಡ್ಡಿಯ ಉದ್ದಕ್ಕಿಂತ ಕಡಿಮೆ. ಕಡ್ಡಿ ಬಗ್ಗಲೇಬೇಕು, ಮಂಡಿ ತಾನಾಗಿ ಮುಂದೆ ಬರುತ್ತದೆ. ‘ಏರು’ವಿನಲ್ಲಿ ಇದಕ್ಕೆ ಉಲ್ಟಾ. ಕಡ್ಡಿಯನ್ನು ಪೂರ್ತಿ ನೆಟ್ಟಗೆ ಮಾಡಿದರೂ ಅದು ನೆಲಕ್ಕೆ ಚೂರು ಎಟುಕುವುದಿಲ್ಲ, ಆದ್ದರಿಂದ ಹಿಮ್ಮಡಿ ಮೇಲೇಳಬೇಕು. ಮಂಡಿ ಎಲ್ಲಿ ಬಗ್ಗಬೇಕು, ಹಿಮ್ಮಡಿ ಯಾವಾಗ ಏಳಬೇಕು ಎಂದು ಬಾಯಿಪಾಠ ಮಾಡಿಸುವ ಅಗತ್ಯವಿಲ್ಲ.

ಗಾಳಿಯಲ್ಲಿರುವ ಇನ್ನೊಂದು ಕಾಲಿಗೆ ಇಷ್ಟು ಕಟ್ಟುನಿಟ್ಟು ಬೇಡ. ‘ತಗ್ಗು’ವಿನಲ್ಲಿ ಅದು ಸುಮಾರು 6 ಮನೆ ಹಿಂದೆ, ನೆಲದಿಂದ 3 ಮನೆ ಮೇಲಿರಲಿ. ‘ದಾಟು’ವಿನಲ್ಲಿ ಸೊಂಟದ ಕೆಳಗೇ, 4 ಮನೆ ಎತ್ತರದಲ್ಲಿ, ಮಂಡಿ ಚೆನ್ನಾಗಿ ಬಗ್ಗಿರಲಿ. ‘ಏರು’ವಿನಲ್ಲಿ 4 ಮನೆ ಮುಂದೆ, 2 ಮನೆ ಎತ್ತರದಲ್ಲಿರಲಿ. ಊರಿದ ಪಾದ ಒಂದೇ ಸಮನೆ ಸರಿಯುತ್ತದೆ, ಗಾಳಿಯಲ್ಲಿನ ಪಾದ ನಡುವೆ ವೇಗವಾಗಿ ಬೀಸಿ ಬರುತ್ತದೆ ಎಂಬ ವ್ಯತ್ಯಾಸ ಈ ಅಂಕೆಗಳಲ್ಲೇ ಇದೆ.

ಎರಡು ಕಾಲಿಗೆ ಎರಡು ಬಣ್ಣ ಕಡ್ಡಾಯ. ನಮ್ಮ ಕಡೆಗಿರುವ ಕಾಲು ನೀಲಿ, ಆಚೆ ಕಡೆಯದು ಕೆಂಪು. ಕೈಗಳಿಗೂ ಹಾಗೆಯೇ. ನೀಲಿ ಕಾಲು ಮುಂದಿದ್ದರೆ ನೀಲಿ ಕೈ ಹಿಂದಿರಬೇಕು. ಕೈಗಳು ‘ತಾಗು’ವಿನಲ್ಲಿ ಅಗಲವಾಗಿ ಚಾಚಿರುತ್ತವೆ, ‘ದಾಟು’ವಿನಲ್ಲಿ ನೇರ ಇಳಿಬಿದ್ದಿರುತ್ತವೆ, ಉಳಿದೆರಡರಲ್ಲಿ ಇವುಗಳ ನಡುವೆ. ಮುಖ ಬೇಡ, ತಲೆಗೆ ಒಂದು ಸೊನ್ನೆ ಸಾಕು. ಮೂಗಿನ ಜಾಗದಲ್ಲಿ ಒಂದು ಚುಕ್ಕೆ ಇಟ್ಟರೆ ಗೊಂಬೆ ಯಾವ ಕಡೆಗೆ ನೋಡುತ್ತಿದೆ ಎಂದು ತಿಳಿಯುತ್ತದೆ.

ಮೂರನೇ ಪೀರಿಯಡ್: ಮೊದಲು ಬೆಸ ಸಂಖ್ಯೆಗಳು

ಲ್ಯಾಬಿಗೆ ಮಕ್ಕಳು ಬರುವ ಮುನ್ನ ಮೇಷ್ಟ್ರು ಒಂದು ಮಾದರಿ ಕಡತ ಸಿದ್ಧಮಾಡಿ ಎಲ್ಲ ಕಂಪ್ಯೂಟರಿಗೂ ಹಾಕಿದ್ದರೆ ಹದಿನೈದು ನಿಮಿಷ ಉಳಿಯುತ್ತದೆ. ಪೆನ್ಸಿಲ್2ಡಿಯ ಕ್ಯಾಮೆರಾ ಚೌಕಟ್ಟು ಮಾಮೂಲಾಗಿ 800 × 600 ಪಿಕ್ಸೆಲ್ ಇರುತ್ತದೆ. ಗ್ರಿಡ್ಡಿನ ಅಳತೆಯನ್ನು 20 ಪಿಕ್ಸೆಲ್ ಮಾಡಿ `View` ಪಟ್ಟಿಯಿಂದ `Grid` ಕಾಣುವಂತೆ ಇಟ್ಟರೆ ಪರದೆ ಅಡ್ಡಕ್ಕೆ 40, ಉದ್ದಕ್ಕೆ 30 ಮನೆಯ ಗ್ರಾಫ್ ಹಾಳೆಯಾಗುತ್ತದೆ. ಕಾಗದದ ಮೇಲಿನ ಅಂಕೆಗಳನ್ನು ಹಾಗೇ ಎಣಿಸಿಕೊಳ್ಳಬಹುದು. ಒಂದು ಪದರದಲ್ಲಿ ನೆಲದ ಗೆರೆಯನ್ನೂ, ಅದರ ಮೇಲೆ ಎರಡೂವರೆ ಮನೆಗೊಂದರಂತೆ ಐದು ಗೀಟುಗಳನ್ನೂ, ಸೊಂಟದ ನಾಲ್ಕು ಎತ್ತರಗಳನ್ನೂ ಬರೆದಿಡಬೇಕು. ಗೊಂಬೆಗೆ `New Bitmap Layer` ಎಂಬಲ್ಲಿ ಬೇರೆ ಪದರ.

ಇನ್ನೆರಡು ಅಂಕೆ ಸರಿಪಡಿಸಬೇಕು. ಈ ತಂತ್ರಾಂಶ ಮೊದಲೇ ಸೆಕೆಂಡಿಗೆ 12 ಫ್ರೇಮಿನ ವೇಗ ಹಿಡಿದಿರುತ್ತದೆ. ಅದನ್ನು `fps` ಪೆಟ್ಟಿಗೆಯಲ್ಲಿ 8 ಮಾಡಬೇಕು. ಮನುಷ್ಯ ಸಾಮಾನ್ಯ ಬಿರುಸಿನಲ್ಲಿ ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡುತ್ತಾನೆ. ನಮ್ಮ ಎರಡು ಹೆಜ್ಜೆಗೆ ಇರುವುದು ಎಂಟು ಚಿತ್ರ. ಸೆಕೆಂಡಿಗೆ 8 ಆದರೆ ನಡಿಗೆ ಸಹಜ, 12 ಹಾಗೇ ಬಿಟ್ಟರೆ ಗೊಂಬೆ ಬಸ್ಸು ತಪ್ಪಿಸಿಕೊಂಡವರಂತೆ ಧಾವಿಸುತ್ತದೆ. ಆಮೇಲೆ `Range` ಗುರುತು ಹಾಕಿ 1ರಿಂದ 8 ಎಂದು ಕೊಟ್ಟು, ಲೂಪ್ ಒತ್ತಿಡಬೇಕು.

ಜೋಡಿಯಲ್ಲಿ ಒಬ್ಬರ ಕೈಯಲ್ಲಿ ಮೌಸ್, ಇನ್ನೊಬ್ಬರ ಕೈಯಲ್ಲಿ ಗ್ರಾಫ್ ಹಾಳೆ. ಹಾಳೆ ಹಿಡಿದವರು ‘ಸೊಂಟ ಹನ್ನೆರಡು, ನೀಲಿ ಪಾದ ಐದು ಮುಂದೆ’ ಎಂದು ಓದಿ ಹೇಳುತ್ತಾರೆ, ಮೌಸ್ ಹಿಡಿದವರು ಎಳೆಯುತ್ತಾರೆ. ಚಿತ್ರಕ್ಕೊಮ್ಮೆ ಸ್ಥಾನ ಬದಲು. ಮೌಸಿನಲ್ಲಿ ಪೆನ್ಸಿಲ್ ಹಿಡಿದಂತೆ ಗೆರೆ ಎಳೆದರೆ ಕೈ ನಡುಗುತ್ತದೆ. `Polyline` ಉಪಕರಣದಲ್ಲಿ ಸೊಂಟ, ಮಂಡಿ, ಹಿಮ್ಮಡಿ, ಬೆರಳು ಎಂದು ನಾಲ್ಕು ಕಡೆ ಕ್ಲಿಕ್ ಮಾಡಿ, ಕೊನೆಯಲ್ಲಿ ಎರಡು ಬಾರಿ ಒತ್ತಿದರೆ ಇಡೀ ಕಾಲು ನೆಟ್ಟ ಗೆರೆಗಳಲ್ಲಿ ಮೂಡುತ್ತದೆ.

ಚಿತ್ರಗಳನ್ನು 1, 2, 3 ಎಂದು ಸಾಲಾಗಿ ಬರೆಸಬಾರದು. ಹಾಗೆ ಹೋದರೆ ಪ್ರತಿ ಚಿತ್ರದ ಸಣ್ಣ ತಪ್ಪು ಮುಂದಿನದಕ್ಕೆ ಸೇರಿಕೊಂಡು, ಎಂಟನೆಯದಕ್ಕೆ ಬರುವಾಗ ಗೊಂಬೆಯ ಕಾಲು ಉದ್ದವಾಗಿರುತ್ತದೆ ಇಲ್ಲವೆ ಮುಂಡ ಮೋಟಾಗಿರುತ್ತದೆ. ಮೊದಲು 1, ಆಮೇಲೆ 5. ಐದನೆಯದೂ ‘ತಾಗು’ವೇ, ಬಣ್ಣ ಮಾತ್ರ ಅದಲುಬದಲು. ಒಂದನೇ ಚಿತ್ರವನ್ನು ನಕಲು ಮಾಡಿ ಐದನೇ ಫ್ರೇಮಿಗೆ ಅಂಟಿಸಿ, ನೀಲಿ ಗೆರೆಯ ಮೇಲೆ ಕೆಂಪು, ಕೆಂಪಿನ ಮೇಲೆ ನೀಲಿ ಎಳೆದರೆ ಮುಗಿಯಿತು. ಅನಂತರ 3 ಬರೆದು, ಅದೇ ರೀತಿ 7. ನಾಲ್ಕು ಚಿತ್ರ ಆದೊಡನೆ ಪ್ಲೇ ಮಾಡಿ ನೋಡಬೇಕು. ಮುಂದಿನ ಚಿತ್ರ ಬರುವವರೆಗೆ ಹಿಂದಿನದು ಪರದೆಯ ಮೇಲೆ ನಿಲ್ಲುವುದರಿಂದ ತಡವರಿಸುತ್ತಲಾದರೂ ನಡಿಗೆ ಕಾಣತೊಡಗುತ್ತದೆ. ಕಾಲುಗಳು ಒಂದನ್ನೊಂದು ದಾಟುತ್ತಿವೆಯೇ ಎಂಬುದನ್ನು ಈ ಹಂತದಲ್ಲೇ ಖಚಿತ ಮಾಡಿಕೊಳ್ಳಬೇಕು.

ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದ ಕಡೆ ಒಂದೊಂದು ಚಿತ್ರಕ್ಕೂ ಉಳಿಸುವುದು ನಿಯಮವಾಗಲಿ. ಕಡತಕ್ಕೆ `nadige_07.pclx` ಎಂಬಂತೆ ಜೋಡಿಯ ಸಂಖ್ಯೆ ಸೇರಿಸಿದ ಹೆಸರಿದ್ದರೆ ಮರುವಾರ ಹುಡುಕಾಟ ಇರುವುದಿಲ್ಲ.

ನಾಲ್ಕನೇ ಪೀರಿಯಡ್: ತುಂಬುವುದು, ತಿದ್ದುವುದು

ಈಗ 2, 4, 6, 8. ಇವಕ್ಕೆ ಅನಿಯನ್ ಸ್ಕಿನ್ ನೆರವಾಗುತ್ತದೆ. ಅದನ್ನು ಚಾಲೂ ಮಾಡಿದರೆ ಹಿಂದಿನ ಮತ್ತು ಮುಂದಿನ ಚಿತ್ರಗಳು ತೆಳುವಾಗಿ ಹಿನ್ನೆಲೆಯಲ್ಲಿ ಕಾಣುತ್ತವೆ. ಅವುಗಳ ಬಣ್ಣ ಗೊಂಬೆಯ ಕೆಂಪು ನೀಲಿಗಳೊಂದಿಗೆ ಗೊಂದಲ ಮಾಡಿದರೆ ಬಣ್ಣದ ಛಾಯೆಯನ್ನು ಆರಿಸಬಹುದು. ಒಂದು ಎಚ್ಚರಿಕೆ: ನೆರೆಯ ಎರಡು ಚಿತ್ರಗಳ ಸರಿನಡುವೆ ಸೊಂಟ ಇಡಬೇಕೆಂದು ಮಕ್ಕಳಿಗೆ ಅನ್ನಿಸುತ್ತದೆ. ಎತ್ತರದ ವಿಷಯದಲ್ಲಿ ಅದು ತಪ್ಪು. ಎರಡನೆಯದು 12 ಮತ್ತು 12.5ರ ನಡುವಿನದಲ್ಲ, ಎರಡಕ್ಕಿಂತಲೂ ಕೆಳಗಿನ 11.5. ನಾಲ್ಕನೆಯದು ಎರಡಕ್ಕಿಂತಲೂ ಮೇಲಿನ 13. ನಡಿಗೆಗೆ ಭಾರ ಬರುವುದು ಈ ಎರಡು ಚಿತ್ರಗಳಿಂದ. ಸರಿನಡುವೆ ಇಟ್ಟರೆ ಗೊಂಬೆ ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ.

ಎಂಟೂ ಮುಗಿದ ಮೇಲೆ ಕನಿಷ್ಠ ಹದಿನೈದು ನಿಮಿಷ ತಿದ್ದಲು ಬೇಕು. ಒಂದು ಜೋಡಿಯ ಗೊಂಬೆ ಕುಂಟುತ್ತಿದೆ ಎಂದುಕೊಳ್ಳೋಣ. ಪ್ಲೇ ಮಾಡುತ್ತಲೇ ನೋಡಿದರೆ ಕುಂಟು ಕಾಣುತ್ತದೆ, ಕಾರಣ ಕಾಣುವುದಿಲ್ಲ. ನಿಲ್ಲಿಸಿ, ಫ್ರೇಮುಗಳನ್ನು ಒಂದೊಂದಾಗಿ ದಾಟಿಸುತ್ತ ಊರಿದ ಪಾದವನ್ನಷ್ಟೇ ನೋಡಬೇಕು. 1ರಿಂದ 5ರವರೆಗೆ ನೀಲಿ ಹಿಮ್ಮಡಿ ನೆಲದ ಗೀಟುಗಳ ಮೇಲೆ ಒಂದೊಂದೇ ಮೆಟ್ಟಿಲು ಇಳಿದು ಬರುತ್ತದೆ. ಕೆಂಪಿನದು 5ರಿಂದ 6ಕ್ಕೆ ನಾಲ್ಕು ಮನೆ ಜಿಗಿದು, 6ರಿಂದ 7ಕ್ಕೆ ಒಂದೇ ಮನೆ ಸರಿದಿದೆ. ದೋಷ ಇರುವುದು ಆರನೇ ಚಿತ್ರದಲ್ಲಿ ಮಾತ್ರ: ಪಾದವನ್ನು ಎರಡೂವರೆ ಮನೆ ಮುಂದೆ ಇಡುವ ಬದಲು ಒಂದೇ ಮನೆ ಮುಂದೆ ಇಟ್ಟಿದ್ದಾರೆ. ಅದೊಂದು ಕಾಲನ್ನು ಅಳಿಸಿ ಸರಿಯಾದ ಗೀಟಿನ ಮೇಲೆ ಬರೆದರೆ ಕುಂಟು ನಿಲ್ಲುತ್ತದೆ. ಉಳಿದ ಏಳನ್ನು ಮುಟ್ಟಬಾರದು.

ಇನ್ನು ಮೂರು ದೋಷಗಳು ಪ್ರತಿ ತರಗತಿಯಲ್ಲೂ ಒಂದೆರಡು ಪರದೆಗಳ ಮೇಲೆ ಕಾಣುತ್ತವೆ. ಗೊಂಬೆ ಸೆಕೆಂಡಿಗೊಮ್ಮೆ ತಡೆದು ನಿಂತಂತೆ ಕಂಡರೆ ಒಂಬತ್ತನೇ ಚಿತ್ರವೊಂದು ಸೇರಿಕೊಂಡಿದೆ ಎಂದರ್ಥ. ಆರಂಭಕ್ಕೂ ಕೊನೆಗೂ ಒಂದೇ ಚಿತ್ರ ಇರಬೇಕೆಂದು ಮಕ್ಕಳು ಮೊದಲನೆಯದನ್ನು ಕೊನೆಯಲ್ಲೂ ನಕಲು ಮಾಡಿರುತ್ತಾರೆ, ಆಗ ಅದು ಎರಡು ಬಾರಿ ತೋರುತ್ತದೆ. ಎಂಟರ ನಂತರ ಒಂದು ತಾನಾಗಿ ಬರುತ್ತದೆ, ಒಂಬತ್ತನ್ನು ತೆಗೆದುಹಾಕಬೇಕು. ಒಂದೇ ಕಾಲು ಮುಂದಕ್ಕೆ ಹೋಗಿ ಮತ್ತೆ ಹಿಂದಕ್ಕೆ ಬಂದರೆ ‘ದಾಟು’ವಿನ ನಂತರ ಬಣ್ಣ ಅದಲುಬದಲಾಗಿದೆ. ಎರಡು ಬಣ್ಣ ಕಡ್ಡಾಯ ಮಾಡಿದ್ದು ಇದಕ್ಕೇ. ಎರಡೂ ಕಾಲು ಕಪ್ಪಾಗಿದ್ದರೆ ಈ ತಪ್ಪನ್ನು ಹಿಡಿಯುವುದು ಬಹಳ ಕಷ್ಟ. ಕೈಕಾಲು ಸೇರಿ ಮರದ ಗೊಂಬೆಯಂತೆ ಆಡಿದರೆ ನೀಲಿ ಕೈ ನೀಲಿ ಕಾಲಿನ ಜೊತೆಗೇ ಮುಂದೆ ಹೋಗುತ್ತಿದೆ, ಕೈಗಳ ಬಣ್ಣ ಬದಲಿಸಿದರೆ ಸಾಕು.

ನಲವತ್ತು ನಿಮಿಷದಲ್ಲಿ ಎಲ್ಲ ಇಪ್ಪತ್ತು ಜೋಡಿಗಳೂ ಎಂಟು ಚಿತ್ರ ಮುಗಿಸುವುದಿಲ್ಲ. ಹಿಂದೆ ಬಿದ್ದವರು ಕೈಗಳನ್ನು ಬಿಟ್ಟು ಕಾಲು ಮತ್ತು ಮುಂಡ ಮಾತ್ರ ಬರೆಯಲಿ, ನಡಿಗೆ ಅದರಿಂದಲೇ ಸಿದ್ಧವಾಗುತ್ತದೆ. ಬೇಗ ಮುಗಿಸಿದವರಿಗೆ ಬೇರೆ ಪದರದಲ್ಲಿ ದೀಪದ ಕಂಬ ಬರೆಯಲು ಹೇಳಬಹುದು. ಕಂಬ ಪ್ರತಿ ಚಿತ್ರಕ್ಕೆ ಎರಡೂವರೆ ಮನೆ ಹಿಂದಕ್ಕೆ ಸರಿಯಬೇಕು, ಎಂಟು ಚಿತ್ರಕ್ಕೆ ಒಟ್ಟು 20 ಮನೆ. ಆದ್ದರಿಂದ ಕಂಬಗಳನ್ನು 20 ಮನೆ ಅಂತರದಲ್ಲಿ ನೆಟ್ಟರೆ ಎಂಟರಿಂದ ಒಂದಕ್ಕೆ ಮರಳುವಾಗ ಒಂದು ಕಂಬದ ಜಾಗಕ್ಕೆ ಇನ್ನೊಂದು ಸರಿಯಾಗಿ ಬಂದು ಕೂರುತ್ತದೆ. ಗೊಂಬೆ ಬೀದಿಯಲ್ಲಿ ಮುಂದೆ ಸಾಗುತ್ತಿರುವಂತೆ ಕಾಣುತ್ತದೆ. ಪಾದ ಮತ್ತು ಕಂಬದ ವೇಗ ಬೇರೆಬೇರೆಯಾದರೆ ಅದು ಜಾರುಬಂಡೆಯ ಮೇಲೆ ನಡೆದಂತಾಗುತ್ತದೆ.

ಈ ಯೋಜನೆಗೂ ಮಿತಿಯಿದೆ. ಎಂಟೇ ಚಿತ್ರದ ನಡಿಗೆ ಸ್ವಲ್ಪ ಕುಕ್ಕಿದಂತೆ ಕಾಣುತ್ತದೆ. ಸಿನಿಮಾದ ವೇಗವಾದ ಸೆಕೆಂಡಿಗೆ 24 ಫ್ರೇಮಿನಲ್ಲಿ ಒಂದು ಹೆಜ್ಜೆಗೆ 12 ಫ್ರೇಮು ಸಿಗುತ್ತವೆ, ಅಲ್ಲಿ ನಮ್ಮ ಪ್ರತಿ ಎರಡು ಚಿತ್ರಗಳ ನಡುವೆ ಇನ್ನೂ ಎರಡು ಹಿಡಿಸುತ್ತವೆ. ಭುಜ ಮತ್ತು ಸೊಂಟ ಎದುರುಬದುರು ತಿರುಗುವುದನ್ನು ನಾವು ಬಿಟ್ಟಿದ್ದೇವೆ, ಪಕ್ಕದಿಂದ ನೋಡಿದ ನಡಿಗೆಯನ್ನಷ್ಟೇ ಬರೆದಿದ್ದೇವೆ. ಇವು ಮುಂದಿನ ಪಾಠಗಳು.

ಅಂಕ ಕೊಡುವುದಾದರೆ ಚಿತ್ರದ ಚಂದಕ್ಕೆ ಕೊಡಬಾರದು. ಕೊನೆಯ ಐದು ನಿಮಿಷದಲ್ಲಿ ಜೋಡಿಗಳು ಪಕ್ಕದ ಕಂಪ್ಯೂಟರಿಗೆ ಸರಿದು ಕೂರಲಿ. ಅಲ್ಲಿನ ನಡಿಗೆಯನ್ನು ನೋಡಿ, ದೋಷ ಯಾವ ಸಂಖ್ಯೆಯ ಚಿತ್ರದಲ್ಲಿದೆ, ಯಾವ ಪಾದ ಅಥವಾ ಸೊಂಟ ಎಷ್ಟು ಮನೆ ತಪ್ಪಿದೆ ಎಂದು ಚೀಟಿಯಲ್ಲಿ ಬರೆಯಲಿ. ‘ಚೆನ್ನಾಗಿಲ್ಲ’ ಎಂಬ ಉತ್ತರಕ್ಕೆ ಸೊನ್ನೆ. ‘ಆರನೇ ಚಿತ್ರ, ಕೆಂಪು ಪಾದ, ಒಂದೂವರೆ ಮನೆ’ ಎಂದು ಬರೆದವರಿಗೆ ಪೂರ್ತಿ ಅಂಕ, ಅವರ ಸ್ವಂತ ಗೊಂಬೆ ಇನ್ನೂ ಕುಂಟುತ್ತಿದ್ದರೂ ಸರಿ. ದೋಷದ ಜಾಗ ಹೇಳಬಲ್ಲವರು ತಮ್ಮದನ್ನು ತಿದ್ದಿಕೊಳ್ಳಲು ಮುಂದಿನ ಪೀರಿಯಡ್ಡಿನ ಹತ್ತು ನಿಮಿಷ ಸಾಕು.